ಲಿಂಕ್ಡ್‌ಇನ್ ಡೆಮೊ ವಿಡಿಯೊ: ಮೊದಲೆರಡು ಸಾಲು, ಥಂಬ್‌ನೇಲ್, ಕ್ಯಾಪ್ಷನ್

ಪ್ರಶ್ನೆ: ಜಿಎಸ್‌ಟಿಆರ್-2ಬಿ ತಾಳೆ ನೋಡುವ ನಮ್ಮ ಸಾಫ್ಟ್‌ವೇರ್‌ನ ಡೆಮೊ ನಾನೇ ರೆಕಾರ್ಡ್ ಮಾಡಿ ಲಿಂಕ್ಡ್‌ಇನ್‌ಗೆ ಹಾಕಿದೆ. ನೋಡಿದವರೆಲ್ಲ ಬೇರೆ ಸ್ಟಾರ್ಟಪ್‌ನವರೇ. ಕಾರ್ಖಾನೆಗಳ ಅಕೌಂಟ್ಸ್ ಮ್ಯಾನೇಜರ್‌ಗಳು ನೋಡಬೇಕಾದರೆ ಟೈಟಲ್, ಟ್ಯಾಗ್, ಥಂಬ್‌ನೇಲ್ ಹೇಗೆ ಸರಿಪಡಿಸಲಿ?

ಎಂಪಿ4 ಫೈಲ್‌ನ ಒಳಗೆ ಟೈಟಲ್, ಟ್ಯಾಗ್ ತುಂಬುತ್ತಿದ್ದರೆ ಅದನ್ನು ಬಿಡಿ, ನೋಡುವವರಿಗೆ ಅದು ಎಲ್ಲೂ ಕಾಣುವುದಿಲ್ಲ. ಒಳಗಿರುವುದನ್ನು ಅಳಿಸುವುದೇ ಮೇಲು. ಫೋನಿನಲ್ಲಿ ತೆಗೆದ ತುಣುಕು ಸೇರಿದ್ದರೆ ತೆಗೆದ ಜಾಗದ ವಿವರವೂ ಫೈಲ್‌ನಲ್ಲಿ ಉಳಿದಿರಬಹುದು. ಈ ಆಜ್ಞೆ ಚಿತ್ರದ ಗುಣಮಟ್ಟ ಕೆಡಿಸದೆ ಅದನ್ನು ತೆಗೆದುಹಾಕುತ್ತದೆ:

```
ffmpeg -i demo.mp4 -map_metadata -1 -c copy demo-clean.mp4
```

ಲಿಂಕ್ಡ್‌ಇನ್‌ನಲ್ಲಿ ಟೈಟಲ್‌ನ ಕೆಲಸ ಮಾಡುವುದು ಪೋಸ್ಟಿನ ಮೊದಲೆರಡು ಸಾಲು. ಒಟ್ಟು 3,000 ಅಕ್ಷರ ಬರೆಯಲು ಜಾಗವಿದ್ದರೂ ಸ್ಕ್ರೋಲ್ ಮಾಡುತ್ತಿರುವವರಿಗೆ ಕಾಣುವುದು ಆ ಎರಡು ಮೂರು ಸಾಲು ಮಾತ್ರ, ಉಳಿದದ್ದು ಮಡಚಿರುತ್ತದೆ. ಅಲ್ಲಿ ‘ಒಂದು ವರ್ಷದ ಶ್ರಮದ ನಂತರ ನಮ್ಮ ಪ್ರಾಡಕ್ಟ್ ಇಂದು ಬಿಡುಗಡೆ’ ಎಂದಿದ್ದರೆ ನಿಂತು ನೋಡುವವರು ಅಭಿನಂದನೆ ಹೇಳುವ ಇತರ ಫೌಂಡರ್‌ಗಳೇ. ಅಕೌಂಟ್ಸ್‌ನವರಿಗೆ ಆ ಸಾಲಿನಲ್ಲಿ ತಮ್ಮ ಕೆಲಸದ ಒಂದು ಪದವೂ ಇಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: ‘14ಕ್ಕೆ 2ಬಿ ಬಂದ ಮೇಲೆ, ತಾಳೆಯಾಗದ ಬಿಲ್‌ಗಳನ್ನು ಎಕ್ಸೆಲ್‌ನಲ್ಲಿ ಒಂದೊಂದಾಗಿ ಹುಡುಕುತ್ತೀರಾ? ಟ್ಯಾಲಿಯ ಪರ್ಚೇಸ್ ರಿಜಿಸ್ಟರ್ ಇಟ್ಟುಕೊಂಡು ಎರಡು ನಿಮಿಷದಲ್ಲಿ ತೋರಿಸಿದ್ದೇನೆ.’ 2ಬಿ, ಟ್ಯಾಲಿ, ಪರ್ಚೇಸ್ ರಿಜಿಸ್ಟರ್ ಎಲ್ಲವೂ ಅವರು ದಿನವೂ ಆಡುವ ಮಾತು. ನಿಮ್ಮ ಪ್ರಾಡಕ್ಟ್‌ನ ಹೆಸರು ಮೂರನೇ ಸಾಲಿಗೆ ಇರಲಿ. ಹ್ಯಾಶ್‌ಟ್ಯಾಗ್ ಎರಡು ಮೂರು ಸಾಕು, ಅದೂ ಕೊನೆಯಲ್ಲಿ. #startup ಅನ್ನು ಮಾತ್ರ ತೆಗೆಯಿರಿ.

ನಿಮ್ಮ ಹೆಸರಿನ ಕೆಳಗಿನ ಹೆಡ್‌ಲೈನ್ ಕೂಡ ವಿಡಿಯೊದ ಜೊತೆಗೇ ಕಾಣುತ್ತದೆ, ಅದೂ ಮೊದಲ ಕೆಲವು ಪದಗಳಷ್ಟೇ. ‘ಫೌಂಡರ್ ಮತ್ತು ಸಿಇಒ’ ಎಂದು ಶುರು ಮಾಡುವ ಬದಲು ‘ಕಾರ್ಖಾನೆಗಳಿಗೆ 2ಬಿ ತಾಳೆ ಸಾಫ್ಟ್‌ವೇರ್’ ಮುಂದೆ ಬರಲಿ, ಹುದ್ದೆ ಆಮೇಲೆ.

ಥಂಬ್‌ನೇಲ್ ಬಗ್ಗೆ ಅವಸರ ಬೇಡ. ಪೋಸ್ಟ್ ಆದ ಮೇಲೆ ಬರಹ ತಿದ್ದಬಹುದು, ಆದರೆ ಥಂಬ್‌ನೇಲ್ ಬದಲಿಸಲು, ವಿಡಿಯೊ ಫೈಲ್ ಬದಲಿಸಲು ಆಗುವುದಿಲ್ಲ. ಹೆಚ್ಚಿನವರು ತಮ್ಮ ಮುಖವನ್ನೋ ಲೋಗೋವನ್ನೋ ಇಡುತ್ತಾರೆ. ನಿಮ್ಮ ಡೆಮೊದಲ್ಲಿ ತಾಳೆಯಾಗದ ಬಿಲ್‌ನ ಸಾಲು ಕೆಂಪಾಗಿ ಬರುವ ಕ್ಷಣ ಇರುತ್ತದಲ್ಲ, ಆ ಫ್ರೇಮ್ ತೆಗೆದುಕೊಳ್ಳಿ. ಇಡೀ ಸ್ಕ್ರೀನ್ ಬೇಡ, ನಾಲ್ಕೈದು ಸಾಲು ದೊಡ್ಡದಾಗುವಷ್ಟು ಕತ್ತರಿಸಿ, ಅಳತೆ ವಿಡಿಯೊದ ಅನುಪಾತಕ್ಕೇ ಹೊಂದಲಿ (16:9 ಆದರೆ 1920×1080). ನಡುವೆ ಪ್ಲೇ ಬಟನ್ ಬರಬಹುದು, ಮೂಲೆಯಲ್ಲಿ ಅವಧಿ ಬರಬಹುದು, ಅಲ್ಲಿ ಅಕ್ಷರ ಇಡಬೇಡಿ. ಫೋನಿಗೆ ಕಳಿಸಿಕೊಂಡು ಕೈ ಚಾಚಿ ಹಿಡಿದು ನೋಡಿ, ಅಂಕಿ ಓದಲಾಗದಿದ್ದರೆ ಇನ್ನೂ ಕತ್ತರಿಸಿ. ಫ್ರೇಮ್‌ನಲ್ಲಿ ನಿಜವಾದ ಗ್ರಾಹಕರ ಜಿಎಸ್‌ಟಿ ನಂಬರ್, ಸಪ್ಲೈಯರ್ ಹೆಸರು ಉಳಿದಿಲ್ಲವೇ ಎಂಬುದನ್ನೂ ಆಗಲೇ ನೋಡಿ.

ಇನ್ನು ಕ್ಯಾಪ್ಷನ್. ಫೀಡಿನಲ್ಲಿ ವಿಡಿಯೊ ಬಹುಪಾಲು ಸದ್ದಿಲ್ಲದೆ ಓಡುತ್ತದೆ. ತಾನಾಗಿ ಬರುವ ಕ್ಯಾಪ್ಷನ್ ‘2ಬಿ’, ‘ಐಟಿಸಿ’ ಥರದ ಪದಗಳಲ್ಲೇ ಎಡವುತ್ತದೆ, ಕೊಳ್ಳುವವರಿಗೆ ಬೇಕಾದದ್ದೂ ಅವೇ ಪದಗಳು. ಹಾಗಾಗಿ ಸ್ವಂತ ಎಸ್‌ಆರ್‌ಟಿ ಫೈಲ್ ಬರೆದು, ಅಪ್‌ಲೋಡ್ ಮಾಡುವಾಗಲೇ ಸೇರಿಸಿ:

```
1
00:00:00,000 --> 00:00:03,500
ಇದು ಟ್ಯಾಲಿಯ ಪರ್ಚೇಸ್ ರಿಜಿಸ್ಟರ್

2
00:00:03,500 --> 00:00:07,000
ಇದು ಈ ತಿಂಗಳ 2ಬಿ
```

ಸೆಕೆಂಡಿನ ನಂತರ ಅಲ್ಪವಿರಾಮ ಬೇಕು, ಚುಕ್ಕೆಯಲ್ಲ. ಎರಡು ತುಣುಕಿನ ನಡುವೆ ಒಂದು ಖಾಲಿ ಸಾಲು ಇರಲೇಬೇಕು. ಫೈಲ್ ಅನ್ನು UTF-8 ಆಗಿ ಉಳಿಸಿ. ANSI ಆಗಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಈಗಿರುವ ಪೋಸ್ಟಿನ ಬರಹ ತಿದ್ದಬಹುದಾದರೂ ಅದು ಸುತ್ತಾಡಬೇಕಾದಷ್ಟು ಸುತ್ತಾಡಿ ಮುಗಿದಿರುತ್ತದೆ. ಹೊಸ ಥಂಬ್‌ನೇಲ್, ಕ್ಯಾಪ್ಷನ್ ಜೊತೆ ಹೊಸದಾಗಿ ಹಾಕುವುದೇ ವಾಸಿ, ಅದಕ್ಕೆ ಮುಂದಿನ ತಿಂಗಳ 14–15 ಒಳ್ಳೆಯ ದಿನ. 2ಬಿ ಅಂದು ಬಂದಿರುತ್ತದೆ, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ 3ಬಿ ಗಡುವು 20ಕ್ಕೆ, ಹಾಗಾಗಿ ಆ ವಾರ ಅವರ ತಲೆಯಲ್ಲಿ ಇದೇ ಕೆಲಸ ಓಡುತ್ತಿರುತ್ತದೆ.

ಸರಿಯಾಯಿತೋ ಇಲ್ಲವೋ ಎಂಬುದನ್ನು ಒಟ್ಟು ವ್ಯೂಗಳಿಂದ ಅಳೆಯಬೇಡಿ. ಪೋಸ್ಟಿನ ಅನಾಲಿಟಿಕ್ಸ್ ತೆರೆದು ನೋಡಿದವರ ಹುದ್ದೆಗಳ ಪಟ್ಟಿ ನೋಡಿ. ಅಲ್ಲಿ ‘Founder’, ‘Software Engineer’ ಮೇಲಿದ್ದರೆ ಮೊದಲ ಸಾಲು ಇನ್ನೂ ನಿಮ್ಮ ಬಗ್ಗೆಯೇ ಮಾತಾಡುತ್ತಿದೆ. ‘Accounts Manager’, ‘Accountant’ ಮೇಲೆ ಬಂದೂ ಯಾರೂ ಮೆಸೇಜ್ ಮಾಡದಿದ್ದರೆ ಮೇಲಿನ ಬರಹ ಮುಟ್ಟಬೇಡಿ, ಆಗ ತಪ್ಪಿರುವುದು ಡೆಮೊದಲ್ಲಿ.