ತೂಬಿನ ಮೇಲಿನ ಆ ಮಾತು ಒಂಬತ್ತನೇ ನಿಮಿಷದಲ್ಲಿ ಯಾಕಿದೆ?

*ಸಂಪಾದಕರಿಗೆ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಬಗ್ಗೆ 22 ನಿಮಿಷದ ಪಾಡ್‌ಕಾಸ್ಟ್ ಸಂಚಿಕೆ ಮಾಡಿದ್ದೇನೆ. ನಾಲ್ಕು ತಿಂಗಳು ಓಡಾಡಿ ಮಾಡಿದ್ದು. ಆದರೆ ಕೇಳಲು ಶುರು ಮಾಡಿದವರಲ್ಲಿ ಅರ್ಧ ಜನ ಮೊದಲ ನಿಮಿಷದೊಳಗೇ ಬಿಟ್ಟು ಹೋಗುತ್ತಾರೆ. ಮೊದಲ ಹದಿನೈದು ಸೆಕೆಂಡಿನಲ್ಲೇ ಹಿಡಿದಿಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳಲ್ಲ. ಆಡಿಯೊ ಮತ್ತು ಬರೆದ ಸ್ಕ್ರಿಪ್ಟ್ ಎರಡೂ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ, ಹೇಗೆ ಬರೆಯಬೇಕು, ತಿಳಿಸಿ.*
*– ಒಬ್ಬ ಓದುಗ, ಸಿಂಧನೂರು*

ನಮಸ್ಕಾರ. ನಿಮ್ಮ ಸಂಚಿಕೆಯನ್ನು ಎರಡು ಸಲ ಕೇಳಿದೆ. ಮೊದಲ ಸಲ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ, ಇಯರ್‌ಫೋನ್ ಇಲ್ಲದೆ, ಫೋನನ್ನು ಕಿವಿಗೆ ಹಿಡಿದುಕೊಂಡು. ಎರಡನೇ ಸಲ ಮನೆಯಲ್ಲಿ, ಗಡಿಯಾರ ಮತ್ತು ನಿಮ್ಮ ಸ್ಕ್ರಿಪ್ಟ್ ಮುಂದಿಟ್ಟುಕೊಂಡು. ಒಳ್ಳೆಯ ಕೆಲಸ ಮಾಡಿದ್ದೀರಿ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ಈಗ ಶುರುವಿನಲ್ಲಿ ಇರುವುದು ಇಷ್ಟು. ಆರು ಸೆಕೆಂಡ್ ಕೊಳಲು. ಆಮೇಲೆ ನಮಸ್ಕಾರ, ಕಾರ್ಯಕ್ರಮದ ಹೆಸರು, ನಿಮ್ಮ ಹೆಸರು. ಅಲ್ಲಿಗೆ ಹದಿನಾಲ್ಕು ಸೆಕೆಂಡ್ ಮುಗಿಯಿತು. ನಂತರದ ಮಾತು ನಿಮ್ಮ ಸ್ಕ್ರಿಪ್ಟಿನಲ್ಲಿ ಹೀಗಿದೆ: "ಮುನಿರಾಬಾದಿನಿಂದ ಹೊರಟು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ 227 ಕಿಲೋಮೀಟರ್ ಹರಿಯುವ ಎಡದಂಡೆ ಮುಖ್ಯ ಕಾಲುವೆಯ ಕೊನೆ ಭಾಗದಲ್ಲಿ ಬರುವ ರೈತರು ಎದುರಿಸುತ್ತಿರುವ ಸಮಸ್ಯೆಗಳ ಕುರಿತು ಈ ಸಂಚಿಕೆಯಲ್ಲಿ ಮಾತನಾಡಲಿದ್ದೇವೆ." ಒಬ್ಬ ರೈತನ ದನಿ ಮೊದಲು ಕೇಳುವುದು ನಾಲ್ಕನೇ ನಿಮಿಷದಲ್ಲಿ.

ಕೇಳುವವರ ಕಡೆಯಿಂದ ನೋಡಿ. ಅವರು ಸಂಚಿಕೆಯ ಹೆಸರು ಓದಿಯೇ ಬೆರಳು ಒತ್ತಿದ್ದಾರೆ. ಕಾರ್ಯಕ್ರಮದ ಹೆಸರು, ನಿಮ್ಮ ಹೆಸರು, ಚಿತ್ರ ಎಲ್ಲವೂ ಆಗ ಪರದೆಯ ಮೇಲೇ ಇವೆ. ನೀವು ಹೇಳಿದ ಹದಿನಾಲ್ಕು ಸೆಕೆಂಡಿನಲ್ಲಿ ಅವರಿಗೆ ಹೊಸದಾಗಿ ಏನೂ ಸಿಕ್ಕಿಲ್ಲ. ಅದೇ ಪರದೆಯಲ್ಲಿ ಮುಂದಕ್ಕೆ ಜಿಗಿಯುವ ಗುಂಡಿಯೂ ಇದೆ. ಸ್ಪಾಟಿಫೈನಲ್ಲಿ ಒಂದು ಸಲ ಒತ್ತಿದರೆ ಹದಿನೈದು ಸೆಕೆಂಡ್ ಮುಂದೆ. ಹಾಗೆ ಒತ್ತಿದವರು ನಿಮ್ಮ 227 ಕಿಲೋಮೀಟರಿನ ನಡುವೆ ಇಳಿಯುತ್ತಾರೆ. ಅಲ್ಲಿಂದ ಹೊರಗೇ ಹೋಗುತ್ತಾರೆ.

ಆ ವಾಕ್ಯದಲ್ಲಿ ಇನ್ನೊಂದು ತೊಂದರೆ ಇದೆ, ಅದು ಕನ್ನಡದ್ದೇ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವಾಗ ಕಣ್ಣು ಹಿಂದೆ ಮುಂದೆ ಓಡಾಡಬಹುದು, ಕಿವಿಗೆ ಆ ಸೌಲಭ್ಯ ಇಲ್ಲ. ಹೊರಟು, ಹರಿಯುವ, ಬರುವ, ಎದುರಿಸುತ್ತಿರುವ ಅಂತ ಒಂದರ ಹಿಂದೆ ಒಂದು ಪೋಣಿಸಿದರೆ, ಕೇಳುವವರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಕಾಯಬೇಕು. ಕಾದ ಮೇಲೆ ಕೊನೆಯಲ್ಲಿ ಸಿಕ್ಕಿದ್ದು ಏನು? "ಮಾತನಾಡಲಿದ್ದೇವೆ." ಅಷ್ಟೇ. ಶುರುವಿನಲ್ಲಿ ನಾಲ್ಕೈದು ಪದದ ವಾಕ್ಯಗಳನ್ನೇ ಬರೆಯಿರಿ. ಆಗ ಕ್ರಿಯಾಪದ ಬೇಗ ಬರುತ್ತದೆ, ಪ್ರತಿ ವಾಕ್ಯದ ತುದಿಯಲ್ಲೂ ಏನೋ ಒಂದು ನಡೆದಿರುತ್ತದೆ.

ಹದಿನೈದು ಸೆಕೆಂಡಿನಲ್ಲಿ ಎಷ್ಟು ಮಾತು ಹಿಡಿಯುತ್ತದೆ? ನಾನು ಗಡಿಯಾರ ಇಟ್ಟು, ಅವಸರ ಮಾಡದೆ ಗಟ್ಟಿಯಾಗಿ ಓದಿ ನೋಡಿದೆ. ಇಪ್ಪತ್ತರಿಂದ ಇಪ್ಪತ್ತೈದು ಪದ. ಅದಕ್ಕಿಂತ ಜಾಸ್ತಿ ತುರುಕಿದರೆ ನೀವು ಓಡುತ್ತಿದ್ದೀರಿ ಅಂತ ಕಿವಿಗೆ ಗೊತ್ತಾಗುತ್ತದೆ. ಇಷ್ಟರಲ್ಲಿ ಮೂರು ವಿಷಯ ಕೂರಿಸಬಹುದು: ಯಾರೋ ಒಬ್ಬರು, ಅವರು ಇರುವ ಜಾಗ ಅಥವಾ ಹೊತ್ತು, ಇನ್ನೂ ತೀರ್ಮಾನವಾಗದ ಒಂದು ಸಂಗತಿ. ಕಾಲುವೆಯ ಉದ್ದ ಇದರಲ್ಲಿ ಸೇರುವುದಿಲ್ಲ. ಕಾಲುವೆಯ ನೀರಿನ ಮಟ್ಟ ಅಳೆಯುವ ಮೈಲ್ 104ರ ಗೇಜ್ ಕೂಡ ಸೇರುವುದಿಲ್ಲ. ಗೇಜ್ ಅಂದರೆ ಏನು ಅಂತ ನಮ್ಮ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಸೂರಿನಲ್ಲಿ ಕೇಳುವವರಿಗೆ ಹೇಳಬೇಕು, ಅದಕ್ಕೆ ಎರಡನೇ ನಿಮಿಷದಲ್ಲಿ ಬೇಕಾದಷ್ಟು ಜಾಗ ಇದೆ.

ಈಗ ನಿಮ್ಮ ಸಂಚಿಕೆಯ ಒಂಬತ್ತನೇ ನಿಮಿಷಕ್ಕೆ ಬನ್ನಿ. ರಾತ್ರಿ ಹನ್ನೊಂದು ಗಂಟೆಗೆ ಅಪ್ಪ ಮಗ ತೂಬಿನ ಮೇಲೆ ಹಾಸಿಗೆ ಹಾಸಿಕೊಂಡು ನೀರು ಕಾಯುತ್ತಿದ್ದಾರೆ. ಅಪ್ಪ ಹೇಳುತ್ತಾರೆ: "ನಾವ್ ಕಣ್ ಮುಚ್ಚಿದ್ರ ನೀರು ಮ್ಯಾಲಿನವರ ಗದ್ದಿಗೆ ಹೋಗ್ತದ್ರಿ." ಬಸ್ಸಿನ ಸದ್ದಿನಲ್ಲೂ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದದ್ದು ಅಲ್ಲಿ. ನಿಮ್ಮ ಶುರು ಇದೇ.

ಹಾಗಂತ ಆ ತುಣುಕನ್ನು ಎತ್ತಿ ಸುಮ್ನೆ ಮುಂದೆ ಇಟ್ಟರೆ ಆಗಲ್ಲ. ನಾನು ನಿಮ್ಮ ಕಡತದಲ್ಲಿ ಹಾಗೆ ಮಾಡಿ ನೋಡಿದೆ. ಮೊದಲು ಕಾಲುವೆ ನೀರಿನ ಸದ್ದು ಮೂರು ಸೆಕೆಂಡ್, ಆಮೇಲೆ ಅಪ್ಪನ ಮಾತು. ನಮ್ಮ ಮನೆಯಾಕೆಗೆ ಫೋನಿನ ಸ್ಪೀಕರಿನಲ್ಲಿ ಕೇಳಿಸಿದೆ. "ಏನಿದು, ಒಗ್ಗರಣೆ ಹಾಕ್ತಿದಾರಾ?" ಅಂದರು. ಅವರು ಹೇಳಿದ್ದು ಸರಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ತಗ್ಗು ದನಿಗಳು ಸೋರಿ ಹೋಗುತ್ತವೆ. ಹರಿಯುವ ನೀರಿನ ಗಾಂಭೀರ್ಯ ಹೋಗಿ ಬರೀ "ಸ್‌ಸ್" ಉಳಿಯುತ್ತದೆ. ಮಳೆ, ಗಾಳಿ, ಕೆಟ್ಟ ರೆಕಾರ್ಡಿಂಗ್ ಎಲ್ಲವೂ ಹಾಗೇ ಕೇಳುತ್ತವೆ. ಯಾವ ಸದ್ದು ಅಂತ ಹೇಳುವ ತನಕ ಅದು ಸದ್ದಲ್ಲ, ಗಲಾಟೆ. ಅದಕ್ಕೆ ಸದ್ದಿಗಿಂತ ಮೊದಲು, ಇಲ್ಲವೇ ಅದರ ಜೊತೆಗೇ, ಜಾಗದ ಹೆಸರು ಬರಬೇಕು.

ಅಪ್ಪನ ಮಾತಿನಲ್ಲೂ ಒಂದು ಎಡವಟ್ಟು ಕಂಡಿತು. ಮೊದಲೇ ಜಾಗ ಹೇಳದಿದ್ದರೆ "ಮ್ಯಾಲಿನವರು" ಯಾರು ಅಂತ ಹೊರಗಿನವರಿಗೆ ತಿಳಿಯಲ್ಲ. ಆದರೆ ಅದನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ನೀವೇ ಹೇಳಬೇಡಿ. ಆ ದನಿ, ಆ "ಹೋಗ್ತದ್ರಿ" ಹಾಗೇ ಇರಲಿ. ಅದರ ಮುಂದೆ ಒಂದು ವಾಕ್ಯದ ಆಸರೆ ಕೊಟ್ಟರೆ ಸಾಕು, ಚಾಮರಾಜನಗರದವರಿಗೂ ಅರ್ಥವಾಗುತ್ತದೆ.

ನಾನು ಬರೆದು ನೋಡಿದ್ದು ಇದು.

ನೀವು: "ರಾತ್ರಿ ಹನ್ನೊಂದು ಗಂಟೆ. ಮಾನ್ವಿ ತಾಲ್ಲೂಕಿನ ಒಂದು ಕಾಲುವೆ ತೂಬು. ಅಪ್ಪ, ಮಗ ಅದರ ಮೇಲೆ ಹಾಸಿಗೆ ಹಾಸಿದ್ದಾರೆ."
ಅಪ್ಪ: "ನಾವ್ ಕಣ್ ಮುಚ್ಚಿದ್ರ ನೀರು ಮ್ಯಾಲಿನವರ ಗದ್ದಿಗೆ ಹೋಗ್ತದ್ರಿ."
ನೀವು: "ಇದು ಮೂರನೇ ರಾತ್ರಿ. ನೀರು ಇನ್ನೂ ಬಂದಿಲ್ಲ."

ಇಪ್ಪತ್ತೇಳು ಪದ, ಹದಿನೈದು ಸೆಕೆಂಡಿಗೆ ಸ್ವಲ್ಪ ಬಿಗಿ. ನೀವು ನಿಧಾನವಾಗಿ ಓದುವವರಾದರೆ "ಕಾಲುವೆ" ಅನ್ನುವ ಪದ ತೆಗೆಯಿರಿ, ನೀರಿನ ಸದ್ದು ಆ ಕೆಲಸ ಮಾಡುತ್ತದೆ. "ರಾತ್ರಿ" ಅನ್ನುವಾಗಲೇ ಆ ಸದ್ದು ತೆಳ್ಳಗೆ ಶುರುವಾಗಲಿ, "ತೂಬು" ಅನ್ನುವ ಪದದ ನಂತರ ಒಂದು ಕ್ಷಣ ಮೇಲೆ ಬರಲಿ. ಈಗ ಅದು ಒಗ್ಗರಣೆ ಅಲ್ಲ, ನೀರು. ಹಾಸಿಗೆ ಹಾಸಿದ್ದಾರೆ, ಆದರೆ ಕಣ್ಣು ಮುಚ್ಚುವಂತಿಲ್ಲ. ಇಡೀ ಸಂಚಿಕೆ ಆ ಎರಡರ ನಡುವೆಯೇ ಇದೆ, ಅಲ್ವಾ? ಇದಾದ ಮೇಲೆ ಕೊಳಲು, ನಾಲ್ಕು ಸೆಕೆಂಡ್ ಮಾತ್ರ. ಆಮೇಲೆ ನಮಸ್ಕಾರ, ನಿಮ್ಮ ಹೆಸರು. ನಮಸ್ಕಾರ ಬಿಡಿ ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತನೇ ಸೆಕೆಂಡಿನಲ್ಲಿ ಹೇಳಿದ ನಮಸ್ಕಾರವನ್ನು ಜನ ಕೇಳಿಸಿಕೊಳ್ಳುತ್ತಾರೆ.

ಇನ್ನು ಎರಡು ದಾರಿ ನಿಮ್ಮ ತಲೆಗೆ ಬಂದಿರಬಹುದು. "ನಿಮಗೆ ಗೊತ್ತಾ, ಕೊನೆ ಭಾಗಕ್ಕೆ ನೀರು ಯಾಕೆ ಬರಲ್ಲ?" ಅಂತ ಕೇಳುವುದು ಒಂದು. ಗೊತ್ತಿಲ್ಲ ಅಂತ ಮನಸ್ಸಿನಲ್ಲೇ ಹೇಳಿ ಮುಂದೆ ಹೋಗುವವರೇ ಹೆಚ್ಚು. ಪ್ರಶ್ನೆ ನೀವು ಕೇಳಬಾರದು, ಕೇಳುವವರಲ್ಲಿ ತಾನಾಗಿ ಏಳಬೇಕು. ಇನ್ನೊಂದು, ಸಂಚಿಕೆಯ ಐದಾರು ಖಾರದ ಮಾತುಗಳನ್ನು ಕತ್ತರಿಸಿ ಒಟ್ಟಿಗೆ ಅಂಟಿಸುವುದು. ಟಿವಿಯಲ್ಲಿ ಮುಖ ಕಾಣುತ್ತದೆ, ನಡೆಯುತ್ತದೆ. ಇಲ್ಲಿ ಐದು ಅಪರಿಚಿತ ದನಿ ಬಂದರೆ ಒಂದೂ ನೆನಪಿರಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. "ನೀರು ಇನ್ನೂ ಬಂದಿಲ್ಲ" ಅಂದ ಮೇಲೆ ನೀವು ಕೇಳುವವರಿಗೆ ಸಾಲ ಬಿದ್ದ ಹಾಗೆ. ಬಂತೋ ಇಲ್ಲವೋ ಹೇಳಲೇಬೇಕು. ನಿಮ್ಮ ಸಂಚಿಕೆಯಲ್ಲಿ ಅದು ಹದಿನೇಳನೇ ನಿಮಿಷದಲ್ಲಿದೆ, ಅಲ್ಲೇ ಇರಲಿ. ಆದರೆ ನಡುವೆ ಒಂದೆರಡು ಸಲ ತೂಬಿನ ಹತ್ತಿರ ವಾಪಸ್ ಬನ್ನಿ, ಮೊದಲನೆಯದು ಮೂರನೇ ನಿಮಿಷದೊಳಗೆ. ಮತ್ತೆ, ಅಪ್ಪ ಮೇಲಿನವರ ಮೇಲೆ ದೂರು ಹೇಳಿದ್ದಾರೆ. ಶುರುವಿನಲ್ಲೇ ಆ ದೂರು ಇಟ್ಟರೆ ಮೇಲ್ಭಾಗದ ರೈತನೊಬ್ಬನ ಮಾತೂ ಸಂಚಿಕೆಯಲ್ಲಿ ಇರಬೇಕು. ಸದ್ಯಕ್ಕೆ ಇಲ್ಲ. ಸಿಂಧನೂರಿನಲ್ಲೇ ಇದ್ದೀರಿ, ಒಂದು ಸಂಜೆಯ ಕೆಲಸ.

ದನಿಯ ಮಟ್ಟವನ್ನೂ ನೋಡಿಕೊಳ್ಳಿ. ನೀವು ಕೋಣೆಯಲ್ಲಿ ಮೈಕಿನ ಹತ್ತಿರ ಕೂತಿದ್ದೀರಿ, ಅಪ್ಪನನ್ನು ಬಯಲಲ್ಲಿ ಫೋನಿನಿಂದ ರೆಕಾರ್ಡ್ ಮಾಡಿದ್ದೀರಿ. ಈಗ ಕೇಳುವವರು ಅವರ ಮಾತಿಗೆ ವಾಲ್ಯೂಮ್ ಏರಿಸಬೇಕು, ನಿಮ್ಮ ಮಾತಿಗೆ ಇಳಿಸಬೇಕು. ಹತ್ತನೇ ನಿಮಿಷದಲ್ಲಾದರೆ ಜನ ಸಹಿಸುತ್ತಾರೆ, ಹತ್ತನೇ ಸೆಕೆಂಡಿನಲ್ಲಿ ಸಹಿಸಲ್ಲ. ಮೊದಲು ಎರಡು ದನಿಯನ್ನೂ ಕಿವಿಯಲ್ಲೇ ಸಮ ಮಾಡಿ, ಆಮೇಲೆ ಇಡೀ ಕಡತದ ಒಟ್ಟು ಗಟ್ಟಿತನವನ್ನು -16 LUFS ಸುತ್ತ ಇಟ್ಟರೆ ಸರಿ.

ಹಾಕುವ ಮೊದಲು ಈ ಹದಿನೈದು ಸೆಕೆಂಡನ್ನು ವಿಷಯ ಗೊತ್ತಿಲ್ಲದ ಒಬ್ಬರಿಗೆ ಫೋನಿನಲ್ಲಿ ಒಂದೇ ಸಲ ಕೇಳಿಸಿ, ನಿಲ್ಲಿಸಿ. ಯಾರಿದ್ದಾರೆ, ಎಲ್ಲಿದ್ದಾರೆ ಅಂತ ಕೇಳಿ. ಅವರು ಹೇಳಿಬಿಟ್ಟು, "ಆಮೇಲೆ ನೀರು ಬಂತಾ?" ಅಂತ ನಿಮ್ಮನ್ನೇ ಕೇಳಿದರೆ ಬರಹ ಸರಿಯಾಗಿದೆ. "ಚೆನ್ನಾಗಿದೆ" ಅಂದು ಸುಮ್ಮನಾದರೆ ಮತ್ತೆ ಬರೆಯಿರಿ.

ಹಾಕಿದ ಮೇಲೆ, ಯಾವ ಕ್ಷಣದವರೆಗೆ ಎಷ್ಟು ಜನ ಕೇಳಿದರು ಅಂತ ತೋರಿಸಲು ಸ್ಪಾಟಿಫೈ ಅಥವಾ ಯೂಟ್ಯೂಬ್ ಸ್ಟುಡಿಯೊ ಕೊಡುವ ಗೆರೆಯನ್ನು ನೋಡಿ. ಶುರುವಿನಲ್ಲೇ ಸ್ವಲ್ಪ ಜನ ಹೋಗುವುದು ಎಲ್ಲ ಸಂಚಿಕೆಯಲ್ಲೂ ಇದ್ದದ್ದೇ. ತಪ್ಪಿ ಒತ್ತಿದವರು, ಹಿಂದಿನದು ಮುಗಿದು ತಾನಾಗಿ ಇದು ಶುರುವಾದವರು ಅದರಲ್ಲಿ ಇರುತ್ತಾರೆ. ಗೆರೆ ಗೋಡೆಯ ಹಾಗೆ ಕುಸಿದ ಜಾಗ ಯಾವುದು ಅಂತ ನೋಡಬೇಕು. ಈಗಿನ ನಿಮ್ಮ ಗೆರೆ 227 ಕಿಲೋಮೀಟರಿನ ವಾಕ್ಯದಲ್ಲಿ ಕುಸಿದಿದ್ದರೆ ನನಗೆ ಆಶ್ಚರ್ಯ ಆಗಲ್ಲ. ಹೊಸದು ಕೊಳಲಿನ ಹತ್ತಿರ ಕುಸಿದರೆ ಕೊಳಲನ್ನು ಎರಡು ಸೆಕೆಂಡಿಗೆ ಇಳಿಸಿ. ಗೆರೆ ಹದಿನೈದು ಸೆಕೆಂಡ್ ಚೆನ್ನಾಗಿದ್ದು ಎರಡನೇ ನಿಮಿಷದಲ್ಲಿ ಬಿದ್ದರೆ ತಪ್ಪು ಶುರುವಿನದ್ದಲ್ಲ, ಅದರ ಹಿಂದೆ ಬಂದ ಅಂಕಿ ಅಂಶಗಳದ್ದು. ಅದನ್ನು ಶುರು ಎಷ್ಟೇ ತಿದ್ದಿದರೂ ಸರಿಮಾಡಲು ಆಗುವುದಿಲ್ಲ.

ಹಳೆಯ ಸಂಚಿಕೆಯಲ್ಲೇ ಇದನ್ನು ಬದಲಿಸಬಹುದು. ಪಾಡ್‌ಕಾಸ್ಟ್ ಹೋಸ್ಟಿಂಗ್‌ನಲ್ಲಿ ಅದೇ ಸಂಚಿಕೆಯ ಆಡಿಯೊ ಕಡತ ಬದಲಿಸಿದರೆ ಸಾಕು, ಮೊದಲೇ ಡೌನ್‌ಲೋಡ್ ಮಾಡಿಕೊಂಡವರ ಹತ್ತಿರ ಮಾತ್ರ ಹಳೆಯದು ಉಳಿಯುತ್ತದೆ. ಯೂಟ್ಯೂಬ್‌ನಲ್ಲಿ ಆ ಅನುಕೂಲ ಇಲ್ಲ, ಮುಂಭಾಗ ಕತ್ತರಿಸಬಹುದೇ ಹೊರತು ಹೊಸದು ಸೇರಿಸಲು ಮತ್ತೆ ಅಪ್‌ಲೋಡ್ ಮಾಡಬೇಕು.

ಕತ್ತರಿಸುವಾಗ ಒಂದು ಕಡೆ ಕೈ ತಡೆಯಿರಿ. "ಹೋಗ್ತದ್ರಿ" ಅಂದ ಮೇಲೆ ಅಪ್ಪ ಒಂದು ಉಸಿರು ಬಿಡುತ್ತಾರೆ, ಅರ್ಧ ಸೆಕೆಂಡ್ ಇರಬಹುದು. ನಿಮ್ಮ ಈಗಿನ ಕಡತದಲ್ಲಿ ಅದರ ಮೇಲೇ ನಿಮ್ಮ ಮಾತು ಬಂದಿದೆ. ಆ ಉಸಿರು ಪೂರ್ತಿ ಕೇಳಲಿ, ಆಮೇಲೆ ನೀವು ಮಾತಾಡಿ.