7% ಬಡ್ಡಿ, 5% ಬೆಲೆ ಏರಿಕೆ: ಕೈಗೆ ಉಳಿಯೋದೆಷ್ಟು?

"ವಿಜಯಪುರದ ಬ್ಯಾಂಕಲ್ಲಿ 10 ಲಕ್ಷ ಎಫ್‌ಡಿ ಇದೆ, 7% ಬಡ್ಡಿ. ನಾನು 30% ಸ್ಲ್ಯಾಬ್. ಬೆಲೆ 5% ಏರಿದರೂ 2% ಲಾಭ ಅಲ್ವಾ ಸರ್?"

ಇಲ್ಲ, ಸ್ವಲ್ಪ ನಷ್ಟವೇ. ವರ್ಷಕ್ಕೆ ಬಡ್ಡಿ 70,000. ಸೆಸ್ ಸೇರಿ ತೆರಿಗೆ 31.2%, ಅಂದರೆ 21,840 ಹೋಯ್ತು, ಉಳಿದದ್ದು 48,160. ಆದರೆ ಈಗ 10 ಲಕ್ಷಕ್ಕೆ ಬರುವ ಜೋಳ, ಬೇಳೆ, ಎಣ್ಣೆಯನ್ನೇ ಮುಂದಿನ ವರ್ಷ ಕೊಳ್ಳೋಕೆ 50,000 ಜಾಸ್ತಿ ಬೇಕು. 1,840 ಕಡಿಮೆ ಬಿತ್ತು.

ಯಾಕೆ ಹೀಗೆ? ತೆರಿಗೆ ಬೀಳೋದು ನಿಮ್ಮ ಆ 2%ರ ಮೇಲಲ್ಲ, ಪೂರ್ತಿ 7%ರ ಮೇಲೆ. ಬೆಲೆ ಏರಿಕೆಯನ್ನು ಬರೀ ಸರಿದೂಗಿಸುವ ಬಡ್ಡಿಯನ್ನೂ ಇಲಾಖೆ ಆದಾಯ ಅಂತಲೇ ಹಿಡಿಯುತ್ತದೆ. ಹಾಗಾಗಿ ಬಡ್ಡಿ 10% ಆಗಿ ಬೆಲೆ 8% ಏರಿದರೆ, ನೋಡೋಕೆ ಅದೇ 2% ಅಂತರ, ಆದರೆ ತೆರಿಗೆ ಕಳೆದು ಸಿಗೋದು 68,800, ಬೇಕಾದದ್ದು 80,000! ಜಾಸ್ತಿ ಬಡ್ಡಿ ಕಂಡು ಸುಮ್ನೆ ಖುಷಿಪಡಬೇಡಿ.

ಪಾಸ್‌ಬುಕ್ಕಲ್ಲಿ ಇದು ಕಾಣೋದಿಲ್ಲ. ಬ್ಯಾಂಕ್ ಟಿಡಿಎಸ್ ಅಂತ 10% ಮಾತ್ರ, ಅಂದರೆ 7,000 ಹಿಡಿಯುತ್ತದೆ. ಉಳಿದ 14,840 ನೀವೇ ಕಟ್ಟಬೇಕು. ಬಡ್ಡಿ ಕೊನೆಗೆ ಒಟ್ಟಿಗೆ ಬರುವ ಎಫ್‌ಡಿ ಆದರೂ ಸಾಮಾನ್ಯವಾಗಿ ಪ್ರತಿ ವರ್ಷ ಆ ವರ್ಷದ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಬೇಕು.