ಮುಟ್ಟಿದರೆ ನಿಮಿರುತ್ತದೆ, ಆಸೆಪಟ್ಟರೆ ಇಲ್ಲ: ಬೆನ್ನುಹುರಿಗೆ ಪೆಟ್ಟಾದ ಮೇಲೆ ಹೀಗೇಕೆ?

"ಅಡಿಕೆ ಮರದಿಂದ ಬಿದ್ದು ಐದು ತಿಂಗಳಾಯ್ತು. ಡಿ8 ಅಂತ ಬರೆದಿದ್ದಾರೆ. ಎದೆ ಕೆಳಗೆ ಮುಟ್ಟಿದ್ದು ಗೊತ್ತಾಗಲ್ಲ. ಮೂತ್ರಕ್ಕೆ ಪೈಪ್ ಹಾಕುವಾಗ, ಸ್ನಾನ ಮಾಡಿಸುವಾಗ ತಾನಾಗೇ ನಿಮಿರುತ್ತೆ, ತಮ್ಮನ ಎದುರು ನಾಚಿಕೆ ಆಗುತ್ತೆ. ಹೆಂಡತಿ ಪಕ್ಕದಲ್ಲಿದ್ದಾಗ ಎಷ್ಟು ಆಸೆಪಟ್ಟರೂ ಏನೂ ಆಗಲ್ಲ. ಇದು ಮಾನಸಿಕವಾ? ಮುಂದೆ ಸರಿಹೋಗುತ್ತಾ?"

ಮಾನಸಿಕ ಅಲ್ಲ. ನಿಮ್ಮ ಆಸೆಗೆ ಏನೂ ಆಗಿಲ್ಲ. ಅದು ಮಿದುಳಿನಿಂದ ಕೆಳಗೆ ಇಳಿಯುವ ದಾರಿ ಬೆನ್ನಿನ ನಡುವೆ, ಡಿ8ರಲ್ಲಿ, ಅಂದರೆ ಬೆನ್ನುಹುರಿಯ ಎದೆಭಾಗದ ಎಂಟನೇ ಮಟ್ಟದಲ್ಲಿ ಕಡಿದುಹೋಗಿದೆ, ಅಷ್ಟೇ. ಪೈಪ್ ಹಾಕುವಾಗ ಆಗುವುದಕ್ಕೆ ಆ ದಾರಿಯೇ ಬೇಕಿಲ್ಲ.

ನಾನೂ ವೀಲ್‌ಚೇರ್‌ನಲ್ಲಿ ಇರುವವನು. ಬೈಕ್ ಅಪಘಾತ, ಡಿ4. ಈಗ ಹೊಸದಾಗಿ ಪೆಟ್ಟಾದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಗಂಡಸರು ಈ ಪ್ರಶ್ನೆ ಕೇಳುವುದು ಮನೆಯವರೆಲ್ಲ ಟೀ ಕುಡಿಯಲು ಹೊರಗೆ ಹೋದಾಗ, ಅದೂ ದನಿ ತಗ್ಗಿಸಿ. ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ.

ಶಿಶ್ನ ನಿಮಿರಲು ಎರಡು ದಾರಿ ಇವೆ. ಮೊದಲನೆಯದು ಮುಟ್ಟಿದರೆ ಆಗುವುದು. ಶಿಶ್ನದ ಚರ್ಮದ ಸ್ಪರ್ಶ ನರದ ಮೂಲಕ ಬೆನ್ನುಹುರಿಯ ತೀರಾ ಕೆಳತುದಿಗೆ ಹೋಗುತ್ತದೆ. ಆ ಭಾಗಕ್ಕೆ ಎಸ್2ರಿಂದ ಎಸ್4 ಅನ್ನುತ್ತಾರೆ. ಅಲ್ಲಿಂದಲೇ ಇನ್ನೊಂದು ನರ ವಾಪಸ್ ಬಂದು ರಕ್ತನಾಳಗಳನ್ನು ತೆರೆಯುತ್ತದೆ, ರಕ್ತ ತುಂಬುತ್ತದೆ. ಕಾದ ತವಾ ತಾಗಿದಾಗ ಯೋಚಿಸುವ ಮೊದಲೇ ಕೈ ಹಿಂದೆ ಬರುತ್ತದಲ್ವಾ, ಹಾಗೆ. ಇದರಲ್ಲಿ ಮಿದುಳಿಗೆ ಕೆಲಸವಿಲ್ಲ. ಸೋಪು ಹಚ್ಚುವ ಕೈ ಹೆಂಡತಿಯದೋ ತಮ್ಮನದೋ ನರಕ್ಕೆ ಗೊತ್ತಾಗುವುದಿಲ್ಲ. ಪೈಪ್ ತಾಗಿದರೂ ಸಾಕು, ಹೊದಿಕೆ ಉಜ್ಜಿದರೂ ಸಾಕು, ಕೆಲವೊಮ್ಮೆ ಮೂತ್ರಚೀಲ ತುಂಬಿದ್ದರೂ ಸಾಕು. ಆದ್ದರಿಂದ ತಮ್ಮನಿಗೆ "ಇದು ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಒದೆಯುತ್ತದಲ್ಲ, ಅಂಥದ್ದೇ" ಎಂದು ಹೇಳಿಬಿಡಿ. ಒಂದು ನಿಮಿಷ ಕೈ ಬಿಟ್ಟು ಕಾದರೆ ಇಳಿಯುತ್ತದೆ, ಆಮೇಲೆ ಪೈಪ್ ಹಾಕಲಿ. ನಿಮಿರಿರುವಾಗ ಬಲವಂತವಾಗಿ ತೂರಿಸಬಾರದು.

ಎರಡನೆಯದು ಯೋಚನೆಯಿಂದ ಆಗುವುದು. ನೋಡಿದ್ದು, ಕೇಳಿದ್ದು, ವಾಸನೆ, ನೆನಪು ಎಲ್ಲ ಮಿದುಳಿನಲ್ಲಿ ಸೇರಿ ಸುದ್ದಿ ಬೆನ್ನುಹುರಿಯಲ್ಲಿ ಕೆಳಗೆ ಇಳಿಯುತ್ತದೆ. ಈ ಸುದ್ದಿ ಹೊರಗೆ ಬರುವ ಒಂದು ದೊಡ್ಡ ಬಾಗಿಲು ಡಿ11ರಿಂದ ಸೊಂಟದ ಮಟ್ಟವಾದ ಎಲ್2ರವರೆಗಿನ ಭಾಗದಲ್ಲಿದೆ. ನಿಮ್ಮ ಪೆಟ್ಟು ಡಿ8ರಲ್ಲಿ, ಅಂದರೆ ಬಾಗಿಲಿಗಿಂತ ಮೇಲೆ. ಸುದ್ದಿ ಬಾಗಿಲಿನ ತನಕ ಬರುವುದೇ ಇಲ್ಲ. ಕೆಳಗಿನ ಎಸ್ ಭಾಗ ಮಾತ್ರ ಗಟ್ಟಿಯಾಗಿದೆ, ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಮೊದಲು ಮೇಲಿನಿಂದ "ಈಗ ಬೇಡ" ಎಂದು ತಡೆಯುವ ಸುದ್ದಿಯೂ ಬರುತ್ತಿತ್ತು. ಅದೂ ನಿಂತಿರುವುದರಿಂದ ಸ್ವಲ್ಪ ತಾಗಿದರೂ ಎದ್ದುಬಿಡುತ್ತದೆ.

ಇದು ಹಳೆಯ ತಿಳಿವಳಿಕೆ. ಅಮೆರಿಕದಲ್ಲಿ ಬೋರ್ಸ್ ಮತ್ತು ಕೊಮಾರ್ ಎಂಬ ವೈದ್ಯರು ಬೆನ್ನುಹುರಿಗೆ ಪೆಟ್ಟಾದ 529 ಜನರನ್ನು ಗಮನಿಸಿ 1960ರಲ್ಲೇ ಬರೆದಿದ್ದಾರೆ. ಎಸ್ ಭಾಗಕ್ಕಿಂತ ಮೇಲೆ ಹುರಿ ಪೂರ್ತಿ ಕಡಿದವರಲ್ಲಿ ಹೆಚ್ಚಿನವರಿಗೆ ಮುಟ್ಟಿದರೆ ನಿಮಿರುತ್ತಿತ್ತು. ಎಸ್ ಭಾಗವೇ ಹೋದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಮಾತ್ರ ನಿಮಿರುತ್ತಿತ್ತು, ಅದೂ ಯೋಚನೆಯಿಂದ.

ಈ ಎರಡನೇ ಗುಂಪಿನವರು ನಮ್ಮಲ್ಲಿ ಜಾಸ್ತಿಯೇ ಸಿಗುತ್ತಾರೆ. ಎತ್ತರದಿಂದ ಬಿದ್ದವರಿಗೆ ಡಿ12, ಎಲ್1 ಮೂಳೆ ಮುರಿಯುವುದು ತುಂಬಾ ಸಾಮಾನ್ಯ. ಇಲ್ಲೊಂದು ಗೊಂದಲವಿದೆ. ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದವಿಲ್ಲ. ಎಲ್1 ಮೂಳೆಯ ಹತ್ತಿರವೇ ಹುರಿ ಮುಗಿಯುತ್ತದೆ. ಹಾಗಾಗಿ ಎಲ್1 ಮೂಳೆ ಮುರಿದರೆ ಒಳಗೆ ಜಜ್ಜುವುದು ಹುರಿಯ ಎಸ್ ಭಾಗ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮುರಿದ ಮೂಳೆಯ ಹೆಸರು ದೊಡ್ಡದಾಗಿ ಇರುತ್ತದೆ. ಈ ವಿಷಯಕ್ಕೆ ನಿಜವಾಗಿ ಬೇಕಾದದ್ದು ನರದ ಮಟ್ಟ ಮತ್ತು ಎಸ್ ಭಾಗ ಬದುಕಿದೆಯೇ ಎಂಬುದು.

ನನಗೆ ಪರಿಚಯದ ಒಬ್ಬರು ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದವರು, ಎಲ್1. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಹಾಕಿ ನಡೆಯುತ್ತಾರೆ. ನೋಡಿದವರು "ನಿಮಗಿಂತ ಅವರೇ ವಾಸಿ" ಅನ್ನುತ್ತಾರೆ. ಆದರೆ ಅವರಿಗೆ ಎಷ್ಟು ಹೊತ್ತು ಮುಟ್ಟಿದರೂ ಏನೂ ಆಗುವುದಿಲ್ಲ. ಹೆಂಡತಿ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರೆ ಮಾತ್ರ ಸ್ವಲ್ಪ ದಪ್ಪವಾಗುತ್ತದೆ, ಉದ್ದವಾಗುತ್ತದೆ, ಪೂರ್ತಿ ಗಟ್ಟಿಯಾಗುವುದಿಲ್ಲ. ಅವರ ಮೇಲಿನ ಬಾಗಿಲು ಉಳಿದಿದೆ, ಕೆಳಗಿನ ಕೇಂದ್ರ ಹೋಗಿದೆ. ನಿಮಗೆ ಸರಿಯಾಗಿ ಉಲ್ಟಾ.

ಹುರಿ ಪೂರ್ತಿ ಕಡಿಯದೆ ಅರ್ಧಂಬರ್ಧ ಉಳಿದವರಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಅದನ್ನು ಕಾಗದ ನೋಡಿ ಹೇಳಲಾಗದು, ಪರೀಕ್ಷಿಸಬೇಕು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ವೈದ್ಯರು ಗ್ಲೌಸ್ ಹಾಕಿ ಗುದದಲ್ಲಿ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಶಿಶ್ನದ ತುದಿಯನ್ನು ಹಿಂಡುತ್ತಾರೆ. ಬೆರಳಿನ ಸುತ್ತ ಸ್ನಾಯು ಬಿಗಿಯಾದರೆ ಎಸ್ ಭಾಗದ ಸುತ್ತು ಕೆಲಸ ಮಾಡುತ್ತಿದೆ ಎಂದರ್ಥ. ನಿಮಗೆ ಪೈಪ್ ಹಾಕುವಾಗ ನಿಮಿರುವುದೇ ಇದಕ್ಕೆ ಸಾಕ್ಷಿ. ಯೋಚನೆಯ ದಾರಿ ಉಳಿದಿದೆಯೇ ಎಂದು ನೋಡಲು, ಹೊಕ್ಕುಳಿನ ಕೆಳಗಿನಿಂದ ತೊಡೆಯ ಮೇಲ್ಭಾಗದವರೆಗೆ ಪಿನ್ ಚುಚ್ಚಿ "ಚೂಪೋ, ಮೊಂಡೋ" ಎಂದು ಕೇಳುತ್ತಾರೆ. ಅಲ್ಲಿ ಚೂಪು ಗೊತ್ತಾದರೆ ಯೋಚನೆಯಿಂದ ನಿಮಿರುವ ಸಾಧ್ಯತೆ ಜಾಸ್ತಿ. ನಿಮ್ಮ ಸಮ್ಮರಿಯಲ್ಲಿ, ಹುರಿಗೆ ಎಷ್ಟು ಪೆಟ್ಟಾಗಿದೆ ಎಂದು ಅಳೆಯುವ ಏಷಿಯಾ ಶ್ರೇಣಿ ಎ ಎಂದಿದ್ದರೆ ಪೂರ್ತಿ ಕಡಿದಿದೆ ಎಂದರ್ಥ. ಐದು ತಿಂಗಳಾದ ಮೇಲೂ ಅದು ಹಾಗೇ ಇದ್ದರೆ ಯೋಚನೆಯ ದಾರಿ ಮರಳುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ಬಿ, ಸಿ, ಡಿ ಎಂದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಪೆಟ್ಟಾದ ಮೊದಲ ವಾರಗಳಲ್ಲಿ ಹುರಿ ಆಘಾತದಲ್ಲಿ ಸುಮ್ಮನೆ ಮಲಗಿರುತ್ತದೆ, ಆಗ ಮುಟ್ಟಿದರೂ ಏನೂ ಆಗದೇ ಇರಬಹುದು. ಆಗ ಮಾಡಿದ ಪರೀಕ್ಷೆಯನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ.

ಇನ್ನು ಇರುವುದನ್ನು ಬಳಸುವುದು ಹೇಗೆ? ಮುಟ್ಟಿದಾಗ ಬರುವ ನಿಮಿರುವಿಕೆಯ ದೊಡ್ಡ ತೊಂದರೆ ಅಂದರೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ಸ್ಪರ್ಶ ನಿಂತರೆ ಇಳಿಯುತ್ತದೆ, ಮಗ್ಗುಲು ಬದಲಿಸುವಷ್ಟರಲ್ಲಿ ಇಳಿಯುತ್ತದೆ. ನಿಮಗೆ ಅದು ತಿಳಿಯುವುದೂ ಇಲ್ಲ, ಕಣ್ಣಲ್ಲಿ ನೋಡಬೇಕು ಅಥವಾ ಹೆಂಡತಿ ಹೇಳಬೇಕು. ಹಾಗಾಗಿ ಲೈಟ್ ಹಾಕಿಕೊಳ್ಳುವುದೇ ಒಳ್ಳೆಯದು. ಮೊದಲು ಮೂತ್ರಚೀಲ ಖಾಲಿ ಮಾಡಿ, ಇಲ್ಲದಿದ್ದರೆ ನಡುವೆ ಸೋರುತ್ತದೆ. ಆಮೇಲೆ ಕೈಯಿಂದ ಬಿಡದೆ ಉಜ್ಜುತ್ತಿರಬೇಕು. ಕಾಲಿನ ಸೆಳೆತಕ್ಕೆ ಬ್ಯಾಕ್ಲೋಫೆನ್ ತಗೊಳ್ಳುತ್ತಿದ್ದರೆ ಅದೂ ನಿಮಿರುವಿಕೆಯನ್ನು ಸ್ವಲ್ಪ ಕಡಿಮೆ ಮಾಡಬಹುದು. ಸುಮ್ನೆ ನಿಲ್ಲಿಸಿಬಿಡಬೇಡಿ, ದಿಢೀರನೆ ಬಿಟ್ಟರೆ ಅಪಾಯ. ಡಾಕ್ಟರ ಹತ್ತಿರ ಹೇಳಿ.

ಸಿಲ್ಡೆನಾಫಿಲ್ ಮಾತ್ರೆ ನಿಮ್ಮಂಥವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಣ ಕೇಳಿ. ನರವೇ ನೈಟ್ರಿಕ್ ಆಕ್ಸೈಡ್ ಬಿಟ್ಟು ರಕ್ತನಾಳ ತೆರೆಯುತ್ತದೆ. ಮಾತ್ರೆ ತಾನಾಗಿ ಏನನ್ನೂ ಶುರು ಮಾಡುವುದಿಲ್ಲ, ಶುರುವಾದದ್ದು ಬೇಗ ಮುಗಿಯದಂತೆ ಹಿಡಿದಿಡುತ್ತದೆ. ನಿಮ್ಮ ನರ ಶುರು ಮಾಡುತ್ತಿದೆ, ಮಾತ್ರೆ ಹಿಡಿಯುತ್ತದೆ. ಮಾತ್ರೆ ನುಂಗಿ ಸುಮ್ಮನೆ ಮಲಗಿದರೆ ಏನೂ ಆಗದು, ಮುಟ್ಟಲೇಬೇಕು. ಎಲ್1 ಆದ ನಮ್ಮ ಪರಿಚಯದವರಿಗೆ ಮಾತ್ರೆ ಅಷ್ಟಾಗಿ ಹಿಡಿಯಲಿಲ್ಲ. ಅವರು ಈಗ ಗಾಳಿ ಎಳೆದು ಬುಡಕ್ಕೆ ರಬ್ಬರ್ ಉಂಗುರ ಹಾಕುವ ಪಂಪ್ ಬಳಸುತ್ತಾರೆ. ಉಂಗುರವನ್ನು 30 ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ನೋವು ತಿಳಿಯದ ನಮ್ಮಂಥವರು ಮೊಬೈಲಿನಲ್ಲಿ ಅಲಾರಂ ಇಡಲೇಬೇಕು. ಮಾತ್ರೆಯ ಪ್ರಮಾಣ ಡಾಕ್ಟರೇ ಹೇಳಲಿ. ಪೂರ್ತಿ ನಿಮಿರಿ 4 ಗಂಟೆ ಇಳಿಯದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಎದೆ ನೋವಿಗೆ ನಾಲಿಗೆ ಅಡಿ ಇಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿ.ಪಿ. ಕುಸಿದುಬಿಡುತ್ತದೆ. ಇದರಲ್ಲಿ ನಮ್ಮಂಥವರಿಗೆ ಇನ್ನೊಂದು ಸಿಕ್ಕು ಇದೆ. ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಕೆಳಗೆ ಉದ್ರೇಕವಾದಾಗ ಬಿ.ಪಿ. ಒಮ್ಮೆಲೇ ಏರಬಹುದು. ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಹಣೆಯಲ್ಲಿ ಬೆವರು, ತಲೆ ಸಿಡಿಯುವಂಥ ನೋವು. ತಕ್ಷಣ ನಿಲ್ಲಿಸಿ ನೆಟ್ಟಗೆ ಕೂರುತ್ತೇನೆ, ಮೂತ್ರಚೀಲ ನೋಡಿಕೊಳ್ಳುತ್ತೇನೆ. ಇಳಿಯದಿದ್ದರೆ ಆಸ್ಪತ್ರೆ. ಅಲ್ಲಿ ಬಿ.ಪಿ. ಇಳಿಸಲು ಕೆಲವೊಮ್ಮೆ ನೈಟ್ರೇಟ್ ಕೊಡುತ್ತಾರೆ. ಸಿಲ್ಡೆನಾಫಿಲ್ ತಗೊಂಡಿದ್ದರೆ ಬಾಗಿಲಲ್ಲೇ ಹೇಳಿಬಿಡಬೇಕು, ನಾಚಿಕೊಳ್ಳುತ್ತ ಕೂರುವ ಹೊತ್ತಲ್ಲ ಅದು. ನಿಮ್ಮದು ಡಿ8, ಈ ಕಾಟ ಬರುವ ಸಾಧ್ಯತೆ ಕಡಿಮೆ. ಆದರೂ ಲಕ್ಷಣ ತಿಳಿದಿರಲಿ, ಹೆಂಡತಿಗೂ ತಿಳಿಸಿ.

ಮಕ್ಕಳ ವಿಷಯ ನೀವು ಕೇಳಲಿಲ್ಲ, ಆದರೂ ಒಂದು ಮಾತು. ನಿಮಿರುವುದು ಬೇರೆ, ವೀರ್ಯ ಹೊರಗೆ ಬರುವುದು ಬೇರೆ. ಮೊದಲನೆಯದು ಸಲೀಸಾಗಿ ಆಗುವ ಎಷ್ಟೋ ಜನರಿಗೆ ಎರಡನೆಯದು ಆಗುವುದಿಲ್ಲ. ನಿಮ್ಮ ಮಟ್ಟದವರಿಗೆ ಇದಕ್ಕೆಂದೇ ಇರುವ ಬಲವಾದ ವೈಬ್ರೇಟರನ್ನು ಶಿಶ್ನದ ತುದಿಗೆ ಹಿಡಿದರೆ ಹಲವು ಬಾರಿ ವೀರ್ಯ ಸಿಗುತ್ತದೆ. ಅದಕ್ಕೂ ನಿಮ್ಮಲ್ಲಿ ಉಳಿದಿರುವ ಕೆಳಗಿನ ಸುತ್ತೇ ಬೇಕು. ಮೊದಲ ಸಲ ಮಾತ್ರ ಬಿ.ಪಿ. ನೋಡುವವರಿರುವ ಆಸ್ಪತ್ರೆಯಲ್ಲೇ ಮಾಡಿಸಿ.